ಕಮಿಷನ್ ಕೆಲಸಕ್ಕೆ ಮೂರನೇ ತಿಂಗಳ ಪರೀಕ್ಷೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಕಮಿಷನ್ ಎಂಬ ಮಾತು ಹೊಸದೇನಲ್ಲ. ಕೊಬ್ಬರಿ ಮಂಡಿಯ ದಲ್ಲಾಳಿಗಳು ಅದರಲ್ಲೇ ಬದುಕಿದವರು. ಆದರೆ ಮಂಡಿಗೆ ಮಾಲು ತಾನಾಗಿ ಬರುತ್ತದೆ. ಊರೂರು ಸುತ್ತಿ ಸಾಮಾನು ಮಾರುವ ಹುಡುಗನಿಗೆ ಹಾಗಲ್ಲ, ಗಿರಾಕಿಯನ್ನು ಅವನೇ ಹುಡುಕಿಕೊಂಡು ಹೋಗಬೇಕು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯನ್ನು ಕರೆದುಕೊಂಡು ಮನೆಗೆ ಬಂದ. ಬಿ.ಎಸ್ಸಿ. ಮುಗಿಸಿದ್ದ. ಕುಡಿಯುವ ನೀರು ಶುದ್ಧ ಮಾಡುವ ಯಂತ್ರವನ್ನು ಈ ಮೂರು ತಾಲ್ಲೂಕುಗಳಲ್ಲಿ ಮಾರುವ ಕೆಲಸ ಸಿಕ್ಕಿತ್ತು. "ತಿಂಗಳಿಗೆ 30,000ದವರೆಗೆ ಬರುತ್ತಂತೆ, ಮೇಷ್ಟ್ರೇ. ಸೇರಿಸಬಹುದಾ?" ಎಂದರು ತಂದೆ. ಆ "ವರೆಗೆ" ಎಂಬ ಪದದಲ್ಲೇ ಎಲ್ಲ ಇದೆ ಎಂದೆ. ಕಾಗದ ತೆಗೆದು ಲೆಕ್ಕ ಹಾಕಲು ಕುಳಿತೆವು.

ನಿಗದಿ ಸಂಬಳ 8,000. ತಿಂಗಳ ಗುರಿ 12 ಯಂತ್ರ. ಒಂದಕ್ಕೆ 1,500ರಂತೆ 18,000 ಕಮಿಷನ್. ಗುರಿ ಮುಟ್ಟಿದರೆ ಇನ್ನೂ 4,000. ಒಟ್ಟು 30,000 ಸರಿಯಾಗಿ ಬಂತು. ಆದರೆ ಎಂಟಕ್ಕಿಂತ ಕಡಿಮೆ ಮಾರಿದರೆ ಕಮಿಷನ್ ಇಲ್ಲ ಎಂಬ ಷರತ್ತು ಸಣ್ಣ ಅಕ್ಷರದಲ್ಲಿತ್ತು. ಪೆಟ್ರೋಲ್ ಖರ್ಚು ಹುಡುಗನದೇ.

ಹಾಗಾದರೆ 12 ಯಂತ್ರ ಮಾರಲು ಸಾಧ್ಯವೇ? "ಕೆಲಸ ಒಪ್ಪಿಕೊಳ್ಳುವ ಮೊದಲು ಅಲ್ಲಿ ಈಗ ಇರುವವರೊಬ್ಬರ ಜೊತೆ ಎರಡು ದಿನ ಸುತ್ತಿ ಬಾಪ್ಪಾ" ಎಂದು ಕಳಿಸಿದೆ. ನೊಣವಿನಕೆರೆ ಕಡೆ ಎರಡು ದಿನದಲ್ಲಿ 16 ಮನೆಗೆ ಹೋದರು. ಯಂತ್ರ ತೋರಿಸಲು ಒಪ್ಪಿದ್ದು ನಾಲ್ಕೇ ಮನೆ. ಹತ್ತು ಕಡೆ ತೋರಿಸಿದರೆ ಒಂದು ಮಾರಾಟವಾಗುತ್ತದೆ ಎಂದು ಆ ಅನುಭವಿ ಹೇಳಿದರು. ಅಂದರೆ 25 ಕೆಲಸದ ದಿನಗಳಲ್ಲಿ 200 ಮನೆ, 50 ಪ್ರದರ್ಶನ, 5 ಯಂತ್ರ. 12 ಮಾರಬೇಕಾದರೆ ದಿನಕ್ಕೆ ಸುಮಾರು ಐದು ಪ್ರದರ್ಶನ ಆಗಬೇಕು. ತೋಟದ ಮನೆಗಳ ನಡುವಿನ ದೂರದಲ್ಲಿ ಅದು ಆಗದ ಮಾತು.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ರೈತನ ಕೈಯಲ್ಲಿ ದುಡ್ಡು ಓಡಾಡುವುದು ಕೊಬ್ಬರಿ ಮಾರಿದಾಗ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಒಳ್ಳೆಯ ವರ್ಷದ ಮಾರಾಟ ನೋಡಿ ಹಾಕಿದ ಗುರಿ ಕೆಟ್ಟ ವರ್ಷದಲ್ಲಿ ಮುಟ್ಟುವುದಿಲ್ಲ. ಆದ್ದರಿಂದ ಕಂಪನಿಯಲ್ಲಿ ಕೇಳಬೇಕಾದ್ದು "ಗುರಿ ಎಷ್ಟು?" ಎಂದಲ್ಲ, "ಕಳೆದ ಆರು ತಿಂಗಳಲ್ಲಿ ಎಷ್ಟು ಜನ ಗುರಿ ಮುಟ್ಟಿದರು?" ಎಂದು.

ಈಗ ನಿಗದಿ ಸಂಬಳದ ವಿಷಯ. 5 ಯಂತ್ರ ಮಾರಿದ ತಿಂಗಳು ಕೈಗೆ ಬರುವುದು ಬರೀ 8,000. ದಿನಕ್ಕೆ 60 ಕಿಲೋಮೀಟರ್ ಓಡಾಟವೆಂದರೂ ಪೆಟ್ರೋಲಿಗೆ ಸುಮಾರು 3,000 ಹೋಗುತ್ತದೆ. ಉಳಿಯುವುದು 5,000. ತಂದೆಯವರ ಮುಖ ಸಪ್ಪಗಾಯಿತು. ನನ್ನ ಅಳತೆ ಸರಳ: ಕಮಿಷನ್ ಒಂದು ಪೈಸೆ ಬಾರದ ತಿಂಗಳಲ್ಲೂ ನಿಗದಿ ಸಂಬಳದಲ್ಲಿ ಪೆಟ್ರೋಲ್, ಊಟ, ರೂಮಿನ ಬಾಡಿಗೆ ನಡೆಯಬೇಕು. ನಡೆಯದಿದ್ದರೆ ಮನೆಯವರು ಕಂಪನಿಗೆ ಸಂಬಳ ಕೊಟ್ಟಂತೆ. ಗಿರಾಕಿ ಯಂತ್ರ ವಾಪಸು ಕೊಟ್ಟರೆ, ಕಂತು ನಿಲ್ಲಿಸಿದರೆ ಕೊಟ್ಟ ಕಮಿಷನ್ ಹಿಡಿದುಕೊಳ್ಳುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಮೂರನೆಯದೇ ಮುಖ್ಯ. "ನಿಮ್ಮ ಜೊತೆ ಸೇರಿದವರಲ್ಲಿ ಈಗ ಎಷ್ಟು ಜನ ಇದ್ದಾರೆ?" ಎಂದು ಹುಡುಗ ಆ ಅನುಭವಿಯನ್ನು ಟೀ ಅಂಗಡಿಯಲ್ಲಿ ಕೇಳಿದ್ದ. ವರ್ಷದ ಹಿಂದೆ ಹತ್ತು ಜನ ಸೇರಿದ್ದರು, ಉಳಿದವರು ಇಬ್ಬರು. ಹೆಚ್ಚಿನವರು ಬಿಟ್ಟದ್ದು ಮೂರನೇ, ನಾಲ್ಕನೇ ತಿಂಗಳಲ್ಲಿ. ಕಾರಣ ಗುಟ್ಟಿನದೇನಲ್ಲ. ಮೊದಲ ತಿಂಗಳು ಚಿಕ್ಕಪ್ಪ, ಸೋದರಮಾವ, ಅಕ್ಕನ ಮನೆಯವರು ದಾಕ್ಷಿಣ್ಯಕ್ಕೆ ಕೊಳ್ಳುತ್ತಾರೆ. ಗುರಿ ಮುಟ್ಟಿದಂತೆ ಕಾಣುತ್ತದೆ. ನೆಂಟರು ಮುಗಿದ ಮೇಲೆ ನಿಜವಾದ ಮಾರುಕಟ್ಟೆ ಎದುರಾಗುತ್ತದೆ. ಹುಡುಗ ಬಿಡುತ್ತಾನೆ, ಅವನ ಜಾಗಕ್ಕೆ ಹೊಸಬ ಬರುತ್ತಾನೆ, ಅವನ ನೆಂಟರೂ ಬರುತ್ತಾರೆ. ಹೀಗೆ ನಡೆಯುವ ಕಡೆ ಜನ ಬಿಟ್ಟುಹೋಗುವುದರಿಂದ ಕಂಪನಿಗೆ ನಷ್ಟವಿಲ್ಲ, ಅದೇ ಅದರ ವ್ಯಾಪಾರ.

ಬಿಟ್ಟವರೆಲ್ಲ ಸೋತವರೆಂದಲ್ಲ. ಬ್ಯಾಂಕ್ ಪರೀಕ್ಷೆ ಪಾಸಾಗಿ ಹೋದವರೂ ಇರುತ್ತಾರೆ. ಆದ್ದರಿಂದ ಎಷ್ಟು ಜನ ಬಿಟ್ಟರು ಎಂಬುದರ ಜೊತೆಗೆ ಯಾವ ತಿಂಗಳು, ಏಕೆ ಬಿಟ್ಟರು ಎಂದೂ ವಿಚಾರಿಸಬೇಕು. ಶಾಖೆ ಹೊಸದಾದರೆ ಪಕ್ಕದ ತಾಲ್ಲೂಕಿನ ಶಾಖೆಯಲ್ಲಿ ಕೇಳಬಹುದು.

ಹುಡುಗ ಆ ಕೆಲಸ ಬಿಟ್ಟುಕೊಟ್ಟು ಪೇಟೆಯ ಅಂಗಡಿಯೊಂದರಲ್ಲಿ ಅಂಥದೇ ಯಂತ್ರ ಮಾರಲು ಸೇರಿದ. ನಿಗದಿ 13,000, ಪೆಟ್ರೋಲ್ ಬೇರೆ, ಮೊದಲ ಯಂತ್ರದಿಂದಲೇ 400 ಕಮಿಷನ್. ಅಲ್ಲಿ 12 ಮಾರಿದರೂ 17,800 ದಾಟದು. ಆದರೆ 5 ಮಾರಿದ ತಿಂಗಳಲ್ಲೂ 15,000 ಕೈಗೆ ಬರುತ್ತದೆ. "30,000 ಬಿಟ್ಟು 15,000ಕ್ಕೆ ಹೋದನಲ್ಲಾ" ಎಂದು ಊರವರು ಆಡಿಕೊಂಡರಂತೆ. ತಂದೆ ಮಾತ್ರ ಹಾಗೆನ್ನಲಿಲ್ಲ. ಕಾಗದದ ಮೇಲೆ 5,000 ನೋಡಿದವರು ಅವರು.