ಲೈಸೆನ್ಸ್ ನಂಬರ್ ನಿಜವೇ, ಆದ್ರೆ ಯಾರದು?

ಹೋದ ವರ್ಷ ಪುಣೆಯಲ್ಲಿದ್ದಾಗ ಒಂದು ಏಜೆನ್ಸಿಯಿಂದ ದುಬೈ ಕೆಲಸದ ಆಫರ್ ಬಂತು. ವೆಬ್‌ಸೈಟ್ ನೀಟಾಗಿತ್ತು, ಕೆಳಗೆ ಲೈಸೆನ್ಸ್ ನಂಬರೂ ಇತ್ತು. "ಸರ್ವಿಸ್ ಚಾರ್ಜ್ 85,000, ಇವತ್ತೇ ಹಾಕಿ" ಅಂದ್ರು. ಅಲ್ಲೇ ನನಗೆ ಅನುಮಾನ. ನೋಂದಾಯಿತ ಏಜೆಂಟ್ ನಮ್ಮಿಂದ ತಗೋಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ.

1983ರ ವಲಸೆ ಕಾಯ್ದೆ ಪ್ರಕಾರ, ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ಪಟ್ಟಿ ವಿದೇಶಾಂಗ ಸಚಿವಾಲಯದ emigrate.gov.in ನಲ್ಲಿದೆ. ಹುಡುಕಿದೆ. ನಂಬರ್ ಸಿಕ್ತು, ನೋಂದಣಿ ಚಾಲ್ತಿಯಲ್ಲೂ ಇತ್ತು. ಆದ್ರೆ ಅದು ಮಂಗಳೂರಿನ ಬೇರೆ ಸಂಸ್ಥೆಯದು! ವಿಳಾಸವೂ ಬೇರೆ, ಫೋನೂ ಬೇರೆ.

ಏಜೆನ್ಸಿ ಕೊಟ್ಟ ನಂಬರ್ ಬಿಟ್ಟು, ಸರ್ಕಾರದ ಪಟ್ಟಿಯಲ್ಲಿದ್ದ ನಂಬರ್‌ಗೇ ಫೋನ್ ಮಾಡಿದೆ. "ಪುಣೆಯಲ್ಲಿ ನಮ್ಮ ಆಫೀಸೇ ಇಲ್ಲ ಮಾರಾಯ್ರೆ, ದುಡ್ಡು ಕೊಡ್ಬೇಡಿ" ಅಂದ್ರು.

ನಂಬರ್ ಸಿಕ್ತು ಅಂತ ನಾನು ಅಲ್ಲಿಗೇ ನಿಲ್ಲಿಸಿದ್ದರೆ 85,000 ಹೋಗ್ತಿತ್ತು. ನಂಬರ್ ಜೊತೆ ಹೆಸರು, ವಿಳಾಸ, ಫೋನ್ ಮೂರೂ ತಾಳೆಯಾಗಬೇಕು. ಪಾಸ್‌ಪೋರ್ಟ್ ಪ್ರತಿ ಕಳಿಸೋದು ಆಮೇಲೆ. ನಾನು ಅದನ್ನ ಮೊದಲೇ ಕಳಿಸಿಬಿಟ್ಟಿದ್ದೆ, ಆ ಚಿಂತೆ ಇನ್ನೂ ಇದೆ.