ರಾಕ್ ಬ್ಯಾಂಡ್‌ಗಳ ದಂತಕಥೆ ಹುಟ್ಟುವುದು ಎಲ್ಲಿ? ವೇದಿಕೆಯ ಮುಂದಿನ ಕ್ಯಾಮೆರಾದಲ್ಲಿ, ಎಡಿಟಿಂಗ್ ಮೇಜಿನ ಮೇಲೆ

ಚೆನ್ನೈನ ಗಿಂಡಿ ಕಾಡಿನ ಅಂಚಿನಲ್ಲಿರುವ ಐಐಟಿ ಮದ್ರಾಸ್‌ನ ಬಯಲು ರಂಗಮಂದಿರಕ್ಕೆ ಎರಡು ಕೆಲಸ. ಶನಿವಾರ ರಾತ್ರಿ ಅಲ್ಲಿ ವಿದ್ಯಾರ್ಥಿಗಳಿಗೆ ಸಿನಿಮಾ ತೋರಿಸುವ ರೂಢಿಯಿದೆ. ವರ್ಷಕ್ಕೊಮ್ಮೆ 'ಸಾರಂಗ್' ಉತ್ಸವ ಬಂದಾಗ ಅದೇ ಮೆಟ್ಟಿಲುಗಳ ಮೇಲೆ ಸಾವಿರಾರು ಮಂದಿ ಸೇರಿ ರಾಕ್ ಸಂಗೀತ ಕೇಳುತ್ತಾರೆ. ಈ ಉತ್ಸವಕ್ಕೆ ಹಿಂದೆ 'ಮಾರ್ಡಿ ಗ್ರಾ' ಎಂಬ ಹೆಸರಿತ್ತು. 'ಸಾರಂಗ್' ಎಂದಾದದ್ದು 1990ರ ದಶಕದಲ್ಲಿ.

ಇಂಥ ಕಾರ್ಯಕ್ರಮ ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ಅಂದು ಬಾರದವರಿಗೆ, ಹತ್ತು ವರ್ಷದ ನಂತರ ಹುಡುಕುವವರಿಗೆ ಸಿಗುವುದು ಕೆಲವು ಫೋಟೋ ಮತ್ತು ಒಂದಷ್ಟು ವಿಡಿಯೋ ಮಾತ್ರ. ಬ್ಯಾಂಡ್ ಹೇಗಿತ್ತು, ಜನ ಹೇಗೆ ಕುಣಿದರು, ಯಾವ ರಾತ್ರಿ ದೊಡ್ಡದು ಎಂಬುದನ್ನು ಆಮೇಲೆ ನಿರ್ಧರಿಸುವುದು ಅವೇ. ರಾಕ್ ಸಂಗೀತದಲ್ಲಿ ದಂತಕಥೆ ಎನ್ನುವುದು ಹುಟ್ಟುವ ಬಗೆ ಇದು. ಹಾಗಾದರೆ ಆ ಚಿತ್ರಗಳನ್ನು ಯಾರು ತೆಗೆಯುತ್ತಾರೆ, ಯಾರು ಆರಿಸುತ್ತಾರೆ, ಯಾವುದು ಹೊರಗುಳಿಯುತ್ತದೆ?

ಮೂರು ಹಾಡಿನ ನಿಯಮ

ದೊಡ್ಡ ರಾಕ್ ಕಾರ್ಯಕ್ರಮಗಳಲ್ಲಿ ಪತ್ರಿಕಾ ಫೋಟೋಗ್ರಾಫರ್‌ಗಳಿಗೆ ಸಾಮಾನ್ಯವಾಗಿ ಒಂದು ನಿಯಮವಿರುತ್ತದೆ: ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಷ್ ಬಳಸುವಂತಿಲ್ಲ. ವೇದಿಕೆಗೂ ಜನರನ್ನು ತಡೆಯುವ ಕಬ್ಬಿಣದ ಬೇಲಿಗೂ ನಡುವಿನ ಕಿರಿದಾದ ಜಾಗದಲ್ಲಿ ಅವರು ನಿಲ್ಲಬೇಕು. ಮೂರನೇ ಹಾಡು ಮುಗಿದ ಕೂಡಲೇ ಭದ್ರತಾ ಸಿಬ್ಬಂದಿ ಅವರನ್ನು ಹೊರಗೆ ಕಳುಹಿಸುತ್ತಾರೆ. ಅಂದರೆ ಕೈಗೆ ಸಿಗುವುದು ಹೆಚ್ಚೆಂದರೆ ಹದಿನೈದು ನಿಮಿಷ.

ಆ ಹೊತ್ತಿಗೆ ಗಾಯಕ ಇನ್ನೂ ಬೆವರಿರುವುದಿಲ್ಲ, ಕೂದಲು ಕೆದರಿರುವುದಿಲ್ಲ, ದನಿ ಒಡೆದಿರುವುದಿಲ್ಲ. ಹೀಗಾಗಿ ಮರುದಿನದ ಪತ್ರಿಕೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಅಚ್ಚುಕಟ್ಟಾದ ಚಿತ್ರಗಳು ಬರುತ್ತವೆ. ನಾಲ್ಕನೇ ಹಾಡಿನಿಂದ ಕೊನೆಯವರೆಗೆ ನಡೆಯುವುದನ್ನು ಹತ್ತಿರದಿಂದ ಸೆರೆಹಿಡಿಯುವ ಅವಕಾಶ ಬ್ಯಾಂಡ್ ತಾನೇ ಕರೆತಂದ ಫೋಟೋಗ್ರಾಫರ್‌ಗೆ ಮಾತ್ರ ಸಿಗುತ್ತದೆ. ದಂತಕಥೆಯಾಗುವ ಚಿತ್ರಗಳು ಹೆಚ್ಚಾಗಿ ಬರುವುದು ಆ ಕ್ಯಾಮೆರಾದಿಂದಲೇ.

ಇದಕ್ಕೆ ಪ್ರಸಿದ್ಧ ಉದಾಹರಣೆ ಬ್ರಿಟನ್ನಿನ 'ದಿ ಕ್ಲ್ಯಾಷ್' ಬ್ಯಾಂಡ್‌ನದು. 1979ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪಲ್ಲಾಡಿಯಂ ಸಭಾಂಗಣದಲ್ಲಿ ಅವರ ಕಾರ್ಯಕ್ರಮವಿತ್ತು. ಜನ ಎದ್ದು ಕುಣಿಯದಂತೆ ಕಾವಲುಗಾರರು ತಡೆಯುತ್ತಿದ್ದರು. ಇದರಿಂದ ರೇಗಿದ ಬಾಸ್ ಗಿಟಾರ್ ವಾದಕ ಪಾಲ್ ಸಿಮೊನನ್ ತನ್ನ ಗಿಟಾರನ್ನೇ ಎತ್ತಿ ನೆಲಕ್ಕೆ ಅಪ್ಪಳಿಸಿದ. ಬ್ಯಾಂಡ್ ಜತೆ ಪ್ರವಾಸದಲ್ಲಿದ್ದ ಫೋಟೋಗ್ರಾಫರ್ ಪೆನ್ನಿ ಸ್ಮಿತ್ ವೇದಿಕೆಯ ಪಕ್ಕದಲ್ಲೇ ಇದ್ದರು. ಗಿಟಾರ್ ತಮ್ಮ ಕಡೆಗೇ ಬರುತ್ತಿದೆ ಅನ್ನಿಸಿ ಹಿಂದೆ ಸರಿಯುತ್ತಲೇ ಅವರು ಬಟನ್ ಒತ್ತಿದರು. ಚಿತ್ರ ಮಸುಕಾಗಿ ಬಂತು.

ಫೋಕಸ್ ಸರಿಯಿಲ್ಲ, ಇದು ಬೇಡ ಎಂದೇ ಸ್ಮಿತ್ ಹೇಳಿದ್ದರು. ಆದರೆ ಗಾಯಕ ಜೋ ಸ್ಟ್ರಮ್ಮರ್ ಮತ್ತು ವಿನ್ಯಾಸಕಾರ ರೇ ಲೌರಿ ಬಿಡಲಿಲ್ಲ. ಎಲ್ವಿಸ್ ಪ್ರೀಸ್ಲಿಯ ಮೊದಲ ಆಲ್ಬಂನ ಗುಲಾಬಿ, ಹಸಿರು ಅಕ್ಷರಗಳ ಮಾದರಿಯನ್ನೇ ತಂದು ಈ ಮಸುಕು ಚಿತ್ರದ ಸುತ್ತ ಇಟ್ಟರು. ಅದೇ 'ಲಂಡನ್ ಕಾಲಿಂಗ್' ಆಲ್ಬಂನ ಮುಖಪುಟವಾಯಿತು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೂರು ಹಾಡಿನ ನಿಯಮಕ್ಕೆ ಕಟ್ಟುಬಿದ್ದವರಿಗೆ ಈ ಚಿತ್ರ ಸಿಗುವ ಸಾಧ್ಯತೆ ಕಡಿಮೆ. ಎರಡನೆಯದು, ಇದನ್ನು ಆರಿಸಿದ್ದು ತೆಗೆದವರಲ್ಲ, ಬ್ಯಾಂಡ್‌ನವರು. ಸಂಘಟಕರ ಕಾವಲಿನ ಮೇಲಿನ ಒಂದು ರಾತ್ರಿಯ ಸಿಟ್ಟು ಆ ಆಯ್ಕೆಯಿಂದಾಗಿ ಇಡೀ ಪಂಕ್ ರಾಕ್‌ನ ಬಂಡಾಯದ ಗುರುತಾಗಿ ಉಳಿಯಿತು.

ಬೆಂಗಳೂರು ಮೊದಲು, ಚಿತ್ರದಲ್ಲಿ ಮುಂಬೈ

ಫೋಟೋ ಒಂದು ಕ್ಷಣವನ್ನು ಆರಿಸಿದರೆ, ಸಾಕ್ಷ್ಯಚಿತ್ರ ಒಂದು ಕಥೆಯನ್ನೇ ಆರಿಸುತ್ತದೆ. ಕನ್ನಡಿಗರಿಗೆ ಇದರ ಹತ್ತಿರದ ಉದಾಹರಣೆ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ 'ಐರನ್ ಮೇಡನ್'.

ಈ ಬ್ಯಾಂಡ್ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದ್ದು ಬೆಂಗಳೂರಿನಲ್ಲಿ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಆ ಕಾರ್ಯಕ್ರಮ ನಡೆಯಿತು. ಅದಕ್ಕಾಗಿ ದೇಶದ ಬೇರೆ ಬೇರೆ ಊರುಗಳಿಂದ ಅಭಿಮಾನಿಗಳು ಬಂದಿದ್ದರು. ಬೆಂಗಳೂರಿನ ರಾಕ್ ಪ್ರಿಯರು ಇಂದಿಗೂ ಆ ರಾತ್ರಿಯ ಮಾತಾಡುತ್ತಾರೆ.

ಮರುವರ್ಷ ಬ್ಯಾಂಡ್ ಹೊಸ ಪ್ರವಾಸ ಹೊರಟಿತು. ಈ ಸಲ ವಾದಕರು, ಸಿಬ್ಬಂದಿ, ವಾದ್ಯಗಳು ಎಲ್ಲವೂ ಒಂದೇ ಬೋಯಿಂಗ್ 757 ವಿಮಾನದಲ್ಲಿ. ವಿಮಾನ ನಡೆಸಿದವರು ಬ್ಯಾಂಡ್‌ನ ಗಾಯಕ ಬ್ರೂಸ್ ಡಿಕಿನ್ಸನ್. ಅವರು ತರಬೇತಿ ಪಡೆದ ವಾಣಿಜ್ಯ ಪೈಲಟ್ ಕೂಡ ಹೌದು. ಕೆನಡಾದ ನಿರ್ದೇಶಕರಾದ ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡಿಯನ್ ತಮ್ಮ ತಂಡದೊಂದಿಗೆ ಅದೇ ವಿಮಾನ ಹತ್ತಿದರು. 45 ದಿನಗಳ ಆ ಓಡಾಟವೇ 2009ರಲ್ಲಿ ತೆರೆಕಂಡ 'ಫ್ಲೈಟ್ 666' ಸಾಕ್ಷ್ಯಚಿತ್ರ.

ಪ್ರವಾಸದ ಮೊದಲ ಕಾರ್ಯಕ್ರಮ 2008ರ ಫೆಬ್ರವರಿ 1ರಂದು ಮುಂಬೈಯಲ್ಲಿತ್ತು. ಚಿತ್ರದ ಆಲ್ಬಂನಲ್ಲಿ ಒಂದೊಂದು ಹಾಡನ್ನು ಒಂದೊಂದು ಊರಿನ ಧ್ವನಿಮುದ್ರಣದಿಂದ ಆಯ್ದಿದ್ದಾರೆ. ಆರಂಭದ 'ಏಸಸ್ ಹೈ' ಮುಂಬೈಯದು. ಭಾರತದ ಅಭಿಮಾನಿಗಳ ಕೂಗು ಹೀಗೆ ಜಗತ್ತಿನಾದ್ಯಂತ ಮಾರಾಟವಾದ ಡಿಸ್ಕ್‌ಗಳ ಮೊದಲ ಹಾಡಿನಲ್ಲೇ ದಾಖಲಾಯಿತು. ಆದರೆ ಅದು ಮುಂಬೈಯ ಕೂಗು. ಅರಮನೆ ಮೈದಾನದ ರಾತ್ರಿಗೆ ಈ ಆಲ್ಬಂನಲ್ಲಿ ಜಾಗವಿಲ್ಲ, ಏಕೆಂದರೆ ಅದು ಹಿಂದಿನ ಪ್ರವಾಸಕ್ಕೆ ಸೇರಿದ್ದು.

ಇದರಲ್ಲಿ ಯಾರ ಮೋಸವೂ ಇಲ್ಲ. ಸಾಕ್ಷ್ಯಚಿತ್ರಕ್ಕೆ ಒಂದು ಆರಂಭ ಬೇಕು, ಒಂದು ಎಳೆ ಬೇಕು. ಗಾಯಕನೇ ಪೈಲಟ್ ಎಂಬ ಎಳೆ ಸಿಕ್ಕಮೇಲೆ ಆ ವಿಮಾನ ಇಳಿದ ಊರುಗಳಷ್ಟೇ ಕಥೆಯೊಳಗೆ ಬರುತ್ತವೆ. ಹೀಗೆ ಬೆಂಗಳೂರಿನ 'ಮೊದಲು' ಕಾಲಪಟ್ಟಿಯಲ್ಲಿ ಉಳಿಯಿತು, ಮುಂಬೈಯ 'ಆರಂಭ' ದಂತಕಥೆಯೊಳಗೆ ಸೇರಿತು.

ಫೋಟೋದ ವಿಷಯದಲ್ಲೂ ಇದೇ ಕಥೆ. ಈ ಪ್ರವಾಸಗಳಲ್ಲಿ ಬ್ಯಾಂಡ್ ಜತೆಗಿದ್ದ ಜಾನ್ ಮೆಕ್‌ಮರ್ಟ್ರಿ ಅವರ ಚಿತ್ರಗಳು 'ಆನ್ ಬೋರ್ಡ್ ಫ್ಲೈಟ್ 666' ಎಂಬ ಪುಸ್ತಕವಾಗಿಯೂ ಬಂದವು. ವಿಮಾನದ ಒಳಗಿನ ಸೀಟು, ವೇದಿಕೆಯ ಹಿಂದಿನ ಕೋಣೆ, ಬೇರೆ ಬೇರೆ ದೇಶಗಳ ಅಭಿಮಾನಿಗಳು ಎಲ್ಲ ಅದರಲ್ಲಿ ಸಿಗುತ್ತಾರೆ. ಇಂಥ ಚಿತ್ರಗಳು ಬ್ಯಾಂಡ್ ಒಪ್ಪಿಗೆ ಕೊಟ್ಟಾಗ ಮಾತ್ರ ಸಾಧ್ಯ. ಒಪ್ಪಿಗೆ ಕೊಟ್ಟವರಿಗೆ ಇಷ್ಟವಾಗದ್ದು ಅವುಗಳಲ್ಲಿ ಅಪರೂಪ.

ಕ್ಯಾಮೆರಾ ತಿದ್ದಿದ ಕಥೆ

ಹಾಗೆಂದು ಸಾಕ್ಷ್ಯಚಿತ್ರ ಯಾವಾಗಲೂ ಹೊಗಳಿಕೆಯೇ ಅಲ್ಲ. 1969ರ ಡಿಸೆಂಬರ್ 6ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ 'ರೋಲಿಂಗ್ ಸ್ಟೋನ್ಸ್' ಉಚಿತ ಕಾರ್ಯಕ್ರಮ ಕೊಟ್ಟಿತು. ವೇದಿಕೆಯ ಕಾವಲಿಗೆ ನಿಂತದ್ದು 'ಹೆಲ್ಸ್ ಏಂಜಲ್ಸ್' ಎಂಬ ಬೈಕ್ ಸವಾರರ ಕೂಟ. ಹಾಡಿನ ನಡುವೆಯೇ ನೂಕಾಟ ನಡೆದು, ಮೆರೆಡಿತ್ ಹಂಟರ್ ಎಂಬ 18 ವರ್ಷದ ಕಪ್ಪು ಯುವಕ ಚೂರಿ ಇರಿತಕ್ಕೆ ಬಲಿಯಾದ.

ಇದು ನಡೆದದ್ದು ಸೈತಾನನ ಬಾಯಲ್ಲಿ ಹೇಳಿಸಿದಂತಿರುವ 'ಸಿಂಪಥಿ ಫಾರ್ ದಿ ಡೆವಿಲ್' ಹಾಡಿನ ವೇಳೆ ಎಂಬ ಸುದ್ದಿ ಹರಡಿತು. ಹಾಡಿಗೂ ಸಾವಿಗೂ ಗಂಟು ಹಾಕಲು ಅದು ಬಹಳ ಅನುಕೂಲವಾಗಿತ್ತು. ಆದರೆ ಮೇಜಲ್ಸ್ ಸಹೋದರರು ಮತ್ತು ಶಾರ್ಲೆಟ್ ಜ್ವೆರಿನ್ ಮಾಡಿದ 'ಗಿಮ್ಮಿ ಶೆಲ್ಟರ್' ಸಾಕ್ಷ್ಯಚಿತ್ರ 1970ರಲ್ಲಿ ಬಂದಾಗ ನಿಜ ಬೇರೆಯೇ ಎಂಬುದು ಕಂಡಿತು. ಇರಿತ ನಡೆದದ್ದು ನಂತರದ 'ಅಂಡರ್ ಮೈ ಥಂಬ್' ಹಾಡಿನ ವೇಳೆ. ಹಂಟರ್ ಕೈಯಲ್ಲಿ ಪಿಸ್ತೂಲು ಇದ್ದದ್ದೂ ಚಿತ್ರದಲ್ಲಿ ಕಾಣುತ್ತದೆ. ಇರಿದವನ ವಿಚಾರಣೆಯಲ್ಲಿ ಈ ದೃಶ್ಯವನ್ನು ಜ್ಯೂರಿಗೆ ತೋರಿಸಲಾಯಿತು, ಆತ ಖುಲಾಸೆಯಾದ.

ಚಿತ್ರದಲ್ಲಿ ಮಿಕ್ ಜಾಗರ್ ಎಡಿಟಿಂಗ್ ಮೇಜಿನ ಮುಂದೆ ಕೂತು ಆ ದೃಶ್ಯವನ್ನು ನೋಡುವುದನ್ನೂ ಸೇರಿಸಿದ್ದಾರೆ. ಇಷ್ಟೆಲ್ಲ ಸಾಕ್ಷ್ಯವಿದ್ದರೂ ಹಳೆಯ ಸುಳ್ಳು ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಚೆನ್ನಾಗಿ ಹೊಂದುವ ಕಥೆಯನ್ನು ಸಾಕ್ಷ್ಯ ಪೂರ್ತಿ ಅಳಿಸಲಾರದು ಎಂಬುದಕ್ಕೂ ಇದು ಉದಾಹರಣೆ.

ನಮ್ಮ ಬ್ಯಾಂಡ್‌ಗಳ ಕಥೆ

ಭಾರತೀಯ ಬ್ಯಾಂಡ್‌ಗಳ ಬಗ್ಗೆ ಪೂರ್ಣ ಪ್ರಮಾಣದ ಸಾಕ್ಷ್ಯಚಿತ್ರಗಳು ಕಡಿಮೆ. ದೆಹಲಿಯ 'ಇಂಡಿಯನ್ ಓಶನ್' ಬಗ್ಗೆ ಜೈದೀಪ್ ವರ್ಮಾ ನಿರ್ದೇಶಿಸಿದ 'ಲೀವಿಂಗ್ ಹೋಮ್' ಅಂಥದ್ದೊಂದು. ಅದು 2010ರಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡಿತು, ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಬಿಡುಗಡೆಗೆ ಕೆಲವೇ ತಿಂಗಳ ಮೊದಲು, 2009ರ ಡಿಸೆಂಬರ್‌ನಲ್ಲಿ, ಬ್ಯಾಂಡ್‌ನ ಗಾಯಕ ಮತ್ತು ತಬಲಾ ವಾದಕ ಅಶೀಮ್ ಚಕ್ರವರ್ತಿ ತೀರಿಕೊಂಡರು. ಅವರನ್ನು ವೇದಿಕೆಯಲ್ಲಿ ಕಾಣದ ತಲೆಮಾರಿಗೆ ಅವರು ಮಾತಾಡುವುದು, ನಗುವುದು, ಹಾಡು ಕಟ್ಟುವುದು ಸಿಗುವುದು ಈ ಚಿತ್ರದಲ್ಲಿ. ಕ್ಯಾಮೆರಾ ಒಂದೆರಡು ವರ್ಷ ತಡವಾಗಿ ಬಂದಿದ್ದರೆ ಬ್ಯಾಂಡ್‌ನ ಕಥೆಯೇ ಬೇರೆಯಾಗುತ್ತಿತ್ತು.

ಚಿತ್ರದ ಹಕ್ಕು ಯಾರದು?

ದಂತಕಥೆಯ ಹಿಂದೆ ಕಾನೂನಿನ ಪಾತ್ರವೂ ಇದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ಆದರೆ ಯಾರಾದರೂ ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಮೊದಲ ಹಕ್ಕು ತೆಗೆಸಿದವರಿಗೆ ಸೇರುತ್ತದೆ. ಅಂದರೆ ಬ್ಯಾಂಡ್ ಹಣ ಕೊಟ್ಟು ತೆಗೆಸಿದ ಸಾವಿರ ಚಿತ್ರಗಳಲ್ಲಿ ಹತ್ತನ್ನು ಹೊರಬಿಟ್ಟು ಉಳಿದವನ್ನು ಮುಚ್ಚಿಡಬಹುದು. ಸ್ವಂತವಾಗಿ ತೆಗೆದ ಫೋಟೋಗ್ರಾಫರ್ ಬಳಿ ಸೋತ ರಾತ್ರಿಯ ಚಿತ್ರಗಳೂ ಉಳಿದಿರುತ್ತವೆ.

ಆದ್ದರಿಂದ ಬ್ಯಾಂಡ್ ಬಗೆಗಿನ ಸಾಕ್ಷ್ಯಚಿತ್ರ ನೋಡುವಾಗ ಕೊನೆಯ ಹೆಸರುಗಳ ಪಟ್ಟಿಯನ್ನೂ ನೋಡುವುದು ಒಳ್ಳೆಯದು. ನಿರ್ಮಾಪಕರ ಸಾಲಿನಲ್ಲಿ ಬ್ಯಾಂಡ್‌ನವರದ್ದೇ ಅಥವಾ ಅವರ ಮ್ಯಾನೇಜರ್ ಹೆಸರಿದ್ದರೆ, ಕೊನೆಯ ಮಾತು ಅವರದ್ದೇ ಆಗಿರುವ ಸಾಧ್ಯತೆ ಹೆಚ್ಚು. ಬ್ಯಾಂಡ್ ಬಿಟ್ಟುಹೋದ ಸದಸ್ಯರು ಚಿತ್ರದಲ್ಲಿ ಮಾತಾಡಿದ್ದಾರೆಯೇ ಎಂಬುದು ಇನ್ನೊಂದು ಸುಳಿವು. ಫೋಟೋ ಆದರೆ ತೆಗೆದವರ ಹೆಸರು, ದಿನಾಂಕ, ಊರು ಮೂರೂ ಇವೆಯೇ ಎಂದು ನೋಡಬೇಕು. ಇವು ಕಳಚಿಹೋದ ಚಿತ್ರವನ್ನು ಯಾವ ರಾತ್ರಿಯ ಕಥೆಗೆ ಬೇಕಾದರೂ ಅಂಟಿಸಬಹುದು.

ಗಿಂಡಿಯಂಥ ಕಾಲೇಜು ಉತ್ಸವಗಳಲ್ಲಿ ಕ್ಯಾಮೆರಾ ಹಿಡಿಯುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಓದು ಮುಗಿಸಿ ಅವರು ಊರು ಬಿಟ್ಟಾಗ ಚಿತ್ರಗಳೂ ಅವರ ಹಾರ್ಡ್ ಡಿಸ್ಕ್‌ಗಳಲ್ಲಿ ಚದುರಿಹೋಗುತ್ತವೆ. ಇಂದು ಹೆಸರಿಲ್ಲದೆ ನುಡಿಸುವ ಬ್ಯಾಂಡ್ ನಾಳೆ ದೊಡ್ಡದಾದರೆ, ಅದರ ಮೊದಲ ದಿನಗಳ ಕಥೆಯನ್ನು ಹೇಳಬಲ್ಲದ್ದು ಆ ಚಿತ್ರಗಳೇ. ಫೈಲ್ ಹೆಸರಿನಲ್ಲಿ ದಿನಾಂಕ, ಬ್ಯಾಂಡ್, ತೆಗೆದವರ ಹೆಸರು ಬರೆದಿಟ್ಟರೆ, ಇಪ್ಪತ್ತು ವರ್ಷದ ನಂತರ ಹುಡುಕುವವರಿಗೂ ಅವು ಸಿಗುತ್ತವೆ.