ಗಲ್ಲಾಪೆಟ್ಟಿಗೆಯ ಹಣಕ್ಕೆ ಎರಡು ಖಾತೆ

ಒಬ್ಬಾಕೆ ಹೊಲಿಗೆ ಅಂಗಡಿ ತೆರೆದು, ತನ್ನ ಉಳಿತಾಯದ 50,000 ರೂಪಾಯಿಯನ್ನು ಗಲ್ಲಾಪೆಟ್ಟಿಗೆಗೆ ಹಾಕಿದಳು ಎನ್ನಿ. ಲೆಕ್ಕದ ಪುಸ್ತಕದಲ್ಲಿ ಆ ಮೊತ್ತ ನಗದು ಖಾತೆಗೂ ಹೋಗುತ್ತದೆ, ಬಂಡವಾಳ ಖಾತೆಗೂ ಹೋಗುತ್ತದೆ. ಇರುವ ದುಡ್ಡು ಒಂದೇ, ಎರಡು ಕಡೆ ಬರೆಯುವುದೇಕೆ?

ದುಡ್ಡು ಒಂದೇ ಆದರೂ ಅದನ್ನು ಕುರಿತ ಪ್ರಶ್ನೆ ಎರಡು: ಎಲ್ಲಿಗೆ ಹೋಯಿತು, ಎಲ್ಲಿಂದ ಬಂತು? ಲೆಕ್ಕದ ಕಣ್ಣಿಗೆ ಅಂಗಡಿ ಬೇರೆ, ಒಡತಿ ಬೇರೆ. ಅಂಗಡಿಗೆ 50,000 ಸಿಕ್ಕಿತು, ಅಷ್ಟನ್ನೇ ಅದು ಒಡತಿಗೆ ಕೊಡಬೇಕಾಯಿತು. ಹೋದ ಜಾಗವನ್ನು ಪುಟದ ಎಡಕ್ಕೆ ಬರೆದರೆ ಡೆಬಿಟ್, ಬಂದ ಮೂಲವನ್ನು ಬಲಕ್ಕೆ ಬರೆದರೆ ಕ್ರೆಡಿಟ್. ಒಳ್ಳೆಯದು, ಕೆಟ್ಟದ್ದು ಎಂಬ ಅರ್ಥ ಈ ಎರಡಕ್ಕೂ ಇಲ್ಲ. ನೀವು ಕಟ್ಟಿದ ಹಣ ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದು ಕಾಣುವುದು ಅದು ಬ್ಯಾಂಕಿನ ಲೆಕ್ಕವಾದ್ದರಿಂದ. ಬ್ಯಾಂಕಿಗೆ ಅದು ನಿಮಗೆ ಕೊಡಬೇಕಾದ ಬಾಕಿ.

ಮುಂದೆ ಆಕೆ 18,000ಕ್ಕೆ ಹೊಲಿಗೆ ಯಂತ್ರ ಕೊಂಡಳು. ಯಂತ್ರದ ಖಾತೆ ಏರಿತು, ನಗದು ಇಳಿಯಿತು. ಸಗಟು ವ್ಯಾಪಾರಿಯಿಂದ 12,000ದ ಬಟ್ಟೆಯನ್ನು ಉದ್ರಿ ತಂದಳು. ಈ ಸಲ ಗಲ್ಲಾದಲ್ಲಿ ಒಂದು ರೂಪಾಯಿಯೂ ಅಲುಗಲಿಲ್ಲ, ಆದರೂ ಖಾತೆಗಳು ಎರಡು: ಬಟ್ಟೆ ಎಡಕ್ಕೆ, ವ್ಯಾಪಾರಿಯ ಬಾಕಿ ಬಲಕ್ಕೆ. ಬರೀ ನಗದು ಬರೆದಿಡುವ ನೋಟ್‌ಬುಕ್ಕಿಗೆ ಈ ವ್ಯವಹಾರ ನಡೆದದ್ದೇ ತಿಳಿಯುವುದಿಲ್ಲ. ಬಳಿಕ ಗಿರಾಕಿಯೊಬ್ಬರು ತಂದುಕೊಟ್ಟ ಬಟ್ಟೆ ಹೊಲಿದು 600 ಕೂಲಿ ಪಡೆದಳು, ವ್ಯಾಪಾರಿಗೆ 5,000 ತೀರಿಸಿದಳು.

ಈಗ ತಾಳೆ ನೋಡೋಣ. ಎಡಕ್ಕೆ ನಗದು 27,600, ಯಂತ್ರ 18,000, ಬಟ್ಟೆ 12,000, ಕೂಡಿದರೆ 57,600. ಬಲಕ್ಕೆ ಬಂಡವಾಳ 50,000, ವ್ಯಾಪಾರಿಯ ಬಾಕಿ 7,000, ಹೊಲಿಗೆಯ ಆದಾಯ 600, ಅದೂ 57,600. ವ್ಯಾಪಾರಿಗೆ ಕೊಟ್ಟ 5,000ವನ್ನು ನಗದಿನಲ್ಲಿ ಕಳೆದು, ಅವನ ಖಾತೆಯಲ್ಲಿ ಕಳೆಯಲು ಮರೆತಿದ್ದರೆ ಬಲಬದಿ 62,600 ಆಗುತ್ತಿತ್ತು. ವ್ಯತ್ಯಾಸ ಸರಿಯಾಗಿ 5,000 ಇರುವುದರಿಂದ ಯಾವ ಸಾಲು ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ವ್ಯತ್ಯಾಸ 9ರಿಂದ ಭಾಗವಾದರೆ ಹಳೆಯ ಗುಮಾಸ್ತರು ಮೊದಲು ಅಂಕಿಗಳು ಅದಲುಬದಲಾಗಿವೆಯೇ ಎಂದು ನೋಡುತ್ತಾರೆ: 4,500 ಹೋಗಿ 5,400 ಆದರೆ ವ್ಯತ್ಯಾಸ 900.

ವೆನಿಸ್ಸಿನ ವರ್ತಕರು ರೂಢಿಸಿಕೊಂಡಿದ್ದ ಈ ಕ್ರಮವನ್ನು 1494ರಲ್ಲಿ ಅಚ್ಚಿನ ಪುಸ್ತಕದಲ್ಲಿ ವಿವರಿಸಿದ್ದು ಗಣಿತಜ್ಞ ಲೂಕಾ ಪಾಚೋಲಿ.

ತಾಳೆಯಾಯಿತೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಯಂತ್ರದ ರಿಪೇರಿಗೆ ಕೊಟ್ಟ 700ನ್ನು ರಿಪೇರಿ ಖರ್ಚಿಗೆ ಬರೆಯದೆ ಯಂತ್ರದ ಖಾತೆಗೇ ಸೇರಿಸಿದರೂ ಎರಡೂ ಬದಿ ಸಮವಾಗಿಯೇ ಇರುತ್ತವೆ. ಲಾಭ ಮಾತ್ರ ಪುಸ್ತಕದಲ್ಲಿ 700 ಹೆಚ್ಚು ಕಾಣುತ್ತದೆ. ಅದನ್ನು ಹಿಡಿಯಲು ರಿಪೇರಿಯ ರಸೀದಿಯನ್ನೇ ತೆಗೆದು ನೋಡಬೇಕು.